ಮನೆಖರ್ಚಿನ ದುಡ್ಡಾಗಿಹೋದ ಎರಡು ಸಾವಿರ ಡಾಲರ್

ಜೂನ್ 19. ಆಡಿಟರ್ ಫೋನ್ ಮಾಡಿದರು. "ನಿಮ್ಮ ಬ್ಯಾಂಕ್ ಕೊಟ್ಟ ಕಾಗದ ನೋಡಿದೆ. ಇದರ ಪ್ರಕಾರ ನೀವು ಕೆಲಸಾನೇ ಮಾಡಿಲ್ಲ. ಅಮೆರಿಕದಲ್ಲಿರೋ ನೆಂಟರು ನಿಮಗೆ ಮನೆಖರ್ಚಿಗೆ ದುಡ್ಡು ಕಳಿಸಿದಾರೆ."

ಅವರು ಹೇಳಿದ್ದು ತಮಾಷೆಗಲ್ಲ. ಕಾಗದದ ಕೆಳಗಡೆ ಒಂದು ಸಾಲಿನಲ್ಲಿ P1301 ಅಂತ ಇತ್ತು. ವಿದೇಶದಿಂದ ಬರುವ ಪ್ರತಿ ಹಣಕ್ಕೂ ಬ್ಯಾಂಕು ಹಾಕುವ ಪರ್ಪಸ್ ಕೋಡ್ ಅದು. P1301 ಅಂದರೆ ಹೊರದೇಶದಲ್ಲಿರುವವರು ಊರಲ್ಲಿರುವ ಮನೆಯವರ ಖರ್ಚಿಗೆ ಕಳಿಸಿದ ಹಣ. ನಾನು ಅಮೆರಿಕದ ಒಂದು ಸಣ್ಣ ಕಂಪನಿಗೆ ಗೋದಾಮಿನ ಸ್ಟಾಕ್ ಲೆಕ್ಕ ಹೇಗೆ ಇಡಬೇಕು ಅಂತ ಬಸವನಗುಡಿಯಲ್ಲಿ ಕೂತು ಸಲಹೆ ಕೊಡುತ್ತೇನೆ. ಆ ಕೆಲಸಕ್ಕೆ ಹೊಂದುವ ಕೋಡ್ P1006, ವ್ಯವಹಾರ ಸಲಹೆ.

ಕೋಡ್ ತಪ್ಪಾದರೆ ದುಡ್ಡೇನೂ ವಾಪಸ್ ಹೋಗುವುದಿಲ್ಲ. ತೊಂದರೆ ಬರುವುದು ಜಿಎಸ್‌ಟಿಯಲ್ಲಿ. ನಾನು ಜಿಎಸ್‌ಟಿ ನೋಂದಣಿ ಮಾಡಿಸಿದ್ದೇನೆ. ವರ್ಷದ ಶುರುವಿನಲ್ಲಿ RFD-11 ಫಾರ್ಮ್ ತುಂಬಿ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಕೊಟ್ಟಿದ್ದೇನೆ. ಹಾಗಾಗಿ ವಿದೇಶಿ ಗಿರಾಕಿಯ ಬಿಲ್ಲಿಗೆ ತೆರಿಗೆ ಸೇರಿಸುವುದಿಲ್ಲ. ಜೊತೆಗೆ, ಬಾಡಿಗೆಗೆ ತಗೊಂಡ ಕೆಲಸದ ಮೇಜಿಗೆ ಕಟ್ಟಿದ ಜಿಎಸ್‌ಟಿಯನ್ನು ವಾಪಸ್ ಕೇಳಬಹುದು. ತಿಂಗಳಿಗೆ ಬಾಡಿಗೆ 9,000 ರೂಪಾಯಿ, ಅದರ ಮೇಲೆ 18% ಅಂದರೆ 1,620. ಮೂರು ತಿಂಗಳಿಗೆ 4,860. (ಹೊಸ ಲ್ಯಾಪ್‌ಟಾಪಿಗೆ ಕಟ್ಟಿದ್ದನ್ನೂ ಕೇಳೋಣ ಅಂದುಕೊಂಡಿದ್ದೆ. ಅದು ಬಂಡವಾಳ ಸರಕು, ಈ ರೀಫಂಡಿನ ಲೆಕ್ಕಕ್ಕೆ ಸೇರುವುದಿಲ್ಲವಂತೆ. ಆ ಕ್ರೆಡಿಟ್ ಸುಮ್ನೆ ಲೆಡ್ಜರಿನಲ್ಲಿ ಕೂತಿದೆ.)

ಕೆಲಸ ರಫ್ತು ಅಂತ ಒಪ್ಪಿಕೊಳ್ಳಬೇಕಾದರೆ ಹಣ ವಿದೇಶಿ ಕರೆನ್ಸಿಯಲ್ಲಿ, ಇಲ್ಲವೇ ರಿಸರ್ವ್ ಬ್ಯಾಂಕ್ ಬಿಟ್ಟ ಸಂದರ್ಭಗಳಲ್ಲಿ ರೂಪಾಯಿಯಲ್ಲಿ, ಬಂದಿರಬೇಕು. ಸೇವೆಯ ರಫ್ತಿಗೆ ರೀಫಂಡ್ ಕೇಳುವಾಗ ಬಿಲ್ಲಿನ ನಂಬರ್ ಪಕ್ಕದಲ್ಲೇ ಬ್ಯಾಂಕಿನ ಪ್ರಮಾಣಪತ್ರದ ನಂಬರ್ ಬರೆಯಬೇಕು. ಆ ಪತ್ರವೇ "ಇದು ಮನೆಖರ್ಚು" ಅಂದರೆ ಅಧಿಕಾರಿ ಇನ್ನೇನು ಮಾಡ್ತಾರೆ?

ಕೆಟ್ಟಿದ್ದು ಎಲ್ಲಿ

ಸಂಜೆ ಕೂತು ಹಿಂದಕ್ಕೆ ಹುಡುಕಿದೆ. ಎರಡು ಕಡೆ ಎಡವಿದ್ದೆ. ಎರಡೂ ನನ್ನದೇ ಕೆಲಸ.

ಮೊದಲನೆಯದು ಹಳೇ ಕಥೆ. ಅಣ್ಣ ಡಲ್ಲಾಸಿನಲ್ಲಿದ್ದಾನೆ. ಅಮ್ಮನ ಔಷಧಿಗೆ ಅಂತ ಇದೇ ಉಳಿತಾಯ ಖಾತೆಗೆ ದುಡ್ಡು ಹಾಕುತ್ತಿದ್ದ. ಪ್ರತಿ ಸಲವೂ ಬ್ಯಾಂಕು "ಈ ಹಣ ಯಾತಕ್ಕೆ ಬಂದಿದೆ, ಏನು ಮಾಡೋಣ" ಅಂತ ಕೇಳುತ್ತಿತ್ತು. ಬ್ಯಾಂಕಿನವರು ಇದಕ್ಕೆ ಡಿಸ್ಪೋಸಲ್ ಇನ್‌ಸ್ಟ್ರಕ್ಷನ್ ಅನ್ನುತ್ತಾರೆ. ಬೇಸರವಾಗಿ ಒಂದು ದಿನ "ಯಾವಾಗಲೂ P1301 ಹಾಕಿ, ಬಂದ ಕೂಡಲೇ ರೂಪಾಯಿ ಮಾಡಿ" ಅಂತ ಕಾಯಂ ಸೂಚನೆ ಬರೆದುಕೊಟ್ಟಿದ್ದೆ. ಆಮೇಲೆ ಮರೆತೇಬಿಟ್ಟೆ.

ಎರಡನೆಯದು ಗಿರಾಕಿಯದು. ಬಿಲ್ಲು ಕಂಪನಿಯ ಹೆಸರಿಗೆ ಕೊಟ್ಟಿದ್ದೆ. ಮಾಲೀಕ ಅವತ್ತು ತನ್ನ ಸ್ವಂತ ಖಾತೆಯಿಂದ ಕಟ್ಟಿದ. ಯಾವ ಖಾತೆಯಿಂದ ಕಟ್ಟಬೇಕು ಅಂತ ನಾನೂ ಹೇಳಿರಲಿಲ್ಲ. ಕಳಿಸಿದವರು ಒಬ್ಬ ವ್ಯಕ್ತಿ, ತಗೊಂಡವರು ಒಬ್ಬ ವ್ಯಕ್ತಿ, ಮೇಲೆ ಕಾಯಂ ಸೂಚನೆ. ಬ್ಯಾಂಕಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ.

ಇದರ ಸುಳಿವು ನನಗೆ ಮೊದಲೇ ಸಿಕ್ಕಬೇಕಿತ್ತು. ಜೂನ್ 17ಕ್ಕೆ ದುಡ್ಡು ಬಂತು ಅಂತ ಮೊಬೈಲಿಗೆ ಸಂದೇಶ ಬಂದಾಗ ಬ್ಯಾಂಕು ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಬಿಲ್ಲು ಕೇಳದೆ ಡಾಲರು ಸಲೀಸಾಗಿ ರೂಪಾಯಿ ಆಯಿತು ಅಂದರೆ ಒಳಗೆ ಯಾವುದೋ ಕಾಯಂ ಕೋಡ್ ಓಡುತ್ತಿದೆ ಅಂತಲೇ ಅರ್ಥ.

ಜೂನ್ 20, ಶಾಖೆಯಲ್ಲಿ

ಬೆಳಿಗ್ಗೆ ಹತ್ತೂವರೆಗೆ ಹೋದೆ. ವಿದೇಶಿ ವಿನಿಮಯ ನೋಡುವ ಮೇಡಂ ಹತ್ತಿರ "ಎಫ್‌ಐಆರ್‌ಸಿ ತಿದ್ದಿಸಬೇಕಿತ್ತು" ಅಂದೆ.

"ನಿಮ್ಮ ಹತ್ತಿರ ಇರೋದು ಎಫ್‌ಐಆರ್‌ಸಿ ಅಲ್ಲ ಸರ್, ಅಡ್ವೈಸ್," ಅಂದರು.

ಇದು ತುಂಬ ಜನ ತಲೆ ಕೆಡಿಸಿಕೊಳ್ಳುವ ವಿಷಯ. ಮೊದಲೆಲ್ಲ ವಿದೇಶದಿಂದ ಹಣ ಬಂತು ಅಂತ ದಪ್ಪ ಕಾಗದದ ಮೇಲೆ ಸೀಲು ಹಾಕಿ ಎಫ್‌ಐಆರ್‌ಸಿ ಅನ್ನುವ ಪ್ರಮಾಣಪತ್ರ ಕೊಡುತ್ತಿದ್ದರು. ರಫ್ತಿನ ಲೆಕ್ಕವನ್ನೆಲ್ಲ ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಗೆ ತಂದ ಮೇಲೆ ಆ ಕಾಗದ ಹೆಚ್ಚಾಗಿ ವಿದೇಶಿ ಹೂಡಿಕೆಯ ಹಣಕ್ಕೇ ಉಳಿಯಿತು. ನಮ್ಮಂಥವರಿಗೆ ಸಿಗುವುದು ಎಫ್‌ಐಆರ್‌ಎ, ಅಂದರೆ ಹಣ ಬಂದ ಸೂಚನಾಪತ್ರ. ಆಡಿಟರು, ತೆರಿಗೆ ಕಚೇರಿ ಎಲ್ಲರೂ ಹಳೇ ಹೆಸರಿನಲ್ಲೇ ಕರೆಯುತ್ತಾರೆ. ಪಿಡಿಎಫ್ ನೋಡಿ "ಇದು ಎಫ್‌ಐಆರ್‌ಸಿ ಅಲ್ಲವಲ್ಲ" ಅಂತ ಗಾಬರಿಯಾಗಬೇಕಿಲ್ಲ. ಕಳಿಸಿದವರ ಹೆಸರು, ದೇಶ, ಡಾಲರ್ ಮೊತ್ತ, ಪರಿವರ್ತನೆಯ ದರ, ರೂಪಾಯಿ ಮೊತ್ತ, ದಿನಾಂಕ, ಬ್ಯಾಂಕಿನ ರೆಫರೆನ್ಸ್ ನಂಬರ್, ಪರ್ಪಸ್ ಕೋಡ್ ಇಷ್ಟೂ ಅದರಲ್ಲಿದ್ದರೆ ನಮ್ಮ ಕೆಲಸಕ್ಕೆ ಸಾಕು.

ಮೇಡಂ ಮೂರು ಕಾಗದ ಕೇಳಿದರು. ಬಿಲ್ಲು. ಕೋಡ್ ಬದಲಿಸಿ ಅಂತ ನನ್ನ ಸಹಿಯ ಅರ್ಜಿ. "ಈ ಹಣ ಇಂಥ ನಂಬರಿನ ಬಿಲ್ಲಿನ ಬಾಬ್ತು, ಕಂಪನಿಯ ಪರವಾಗಿ ನಾನು ಕಟ್ಟಿದ್ದೇನೆ" ಅಂತ ಗಿರಾಕಿಯ ಪತ್ರ. ಮೂರನೆಯದಿಲ್ಲದಿದ್ದರೆ ಬಿಲ್ಲಿನಲ್ಲಿರುವ ಹೆಸರಿಗೂ ಹಣ ಕಳಿಸಿದ ಹೆಸರಿಗೂ ತಾಳೆಯಾಗುವುದಿಲ್ಲ. ಕೋಡ್ ತಿದ್ದಿದರೂ ಮುಂದೆ ಯಾರಾದರೂ ಅದೇ ಪ್ರಶ್ನೆ ಎತ್ತುತ್ತಾರೆ.

"ಬೇಗ ತಂದುಕೊಡಿ, ಮುಂದಿನ ವಾರದೊಳಗೆ," ಅಂದರು. ಯಾಕೆ ಅವಸರ ಅಂತ ಕೇಳಿದೆ. ಬ್ಯಾಂಕುಗಳು ಇಂಥ ವ್ಯವಹಾರವನ್ನೆಲ್ಲ ಕೋಡ್ ಸಮೇತ ಹದಿನೈದು ದಿನಕ್ಕೊಮ್ಮೆ ರಿಸರ್ವ್ ಬ್ಯಾಂಕಿಗೆ ವರದಿ ಮಾಡುತ್ತವೆ. ಜೂನ್ 17ರ ಹಣ ತಿಂಗಳ ಎರಡನೇ ಕಂತಿನ ವರದಿಗೆ ಹೋಗುತ್ತದೆ. ಅದು ಹೋಗುವ ಮುಂಚೆ ಸರಿಮಾಡಿದರೆ ಬ್ಯಾಂಕಿನ ಒಳಗೇ ಮುಗಿಯುತ್ತದೆ. ಹೋದ ಮೇಲೆ ಕಳಿಸಿದ ವರದಿಯನ್ನೇ ತಿದ್ದಬೇಕು, ಅದಕ್ಕೆ ಮೇಲಿನವರ ಒಪ್ಪಿಗೆ ಬೇಕು. ನಾನು ಹೋಗಿದ್ದು ಮೂರನೇ ದಿನ. ಮೂರು ತಿಂಗಳಾದ ಮೇಲೆ ರೀಫಂಡಿನ ಹೊತ್ತಿಗೆ ಹೋಗಿದ್ದರೆ ಅಲೆದಾಟ ಜಾಸ್ತಿ ಆಗುತ್ತಿತ್ತು.

ಅದೇ ಮೇಜಿನ ಮುಂದೆ ಕೂತು ಹಳೇ ಕಾಯಂ ಸೂಚನೆ ರದ್ದು ಮಾಡಿಸಿದೆ.

ಇಪ್ಪತ್ತು ಡಾಲರ್ ಎಲ್ಲಿ ಹೋಯಿತು

ಇನ್ನೊಂದು ಹುಳುಕಿತ್ತು. ಬಿಲ್ಲು 2,000 ಡಾಲರಿಗೆ. ಅಡ್ವೈಸಿನಲ್ಲಿ 1,980. ಗಿರಾಕಿಯನ್ನು ಕೇಳಿದರೆ "ನಾನು ಪೂರ್ತಿ ಕಳಿಸಿದ್ದೇನೆ" ಅಂದ. ಅವನು ಹೇಳಿದ್ದು ನಿಜ. ಹಣ ಕಳಿಸುವಾಗ ಬ್ಯಾಂಕುಗಳ ನಡುವೆ ಹೋಗುವ ಸ್ವಿಫ್ಟ್ ಸಂದೇಶದ ನಕಲನ್ನು ಅವನ ಬ್ಯಾಂಕಿನಿಂದ ಕೇಳಿ ಕಳಿಸು ಅಂದೆ. ಆಗ ಎಂಟಿ103 ಅಂತ ಕೇಳಿದರೆ ಬ್ಯಾಂಕಿನವರಿಗೆ ಗೊತ್ತಾಗುತ್ತಿತ್ತು. ಮರುದಿನ ಬಂತು. ನಮಗೆ ಬೇಕಾದ ಸಾಲುಗಳು ಇಷ್ಟೇ:

```
:32A:250616USD1980,00
:33B:USD2000,00
:70:INV 07
:71A:SHA
:71F:USD20,00
```

33B ಗಿರಾಕಿ ಕಳಿಸಿದ ಮೊತ್ತ. 71F ದಾರಿಯಲ್ಲಿ ಕತ್ತರಿಸಿದ್ದು. 32A ನನ್ನ ಬ್ಯಾಂಕಿನ ಕೈಗೆ ಸಿಕ್ಕಿದ್ದು, ಜೊತೆಗೆ 2025ರ ಜೂನ್ 16 ಅನ್ನುವ ದಿನಾಂಕ. ಇದಕ್ಕೆ ಕಾರಣ 71A ಸಾಲಿನಲ್ಲಿದೆ. SHA ಅಂದರೆ ಖರ್ಚು ಹಂಚಿಕೆ. ಕಳಿಸುವ ಬ್ಯಾಂಕಿನ ಶುಲ್ಕ ಗಿರಾಕಿಯದು, ಅಲ್ಲಿಂದಾಚೆಯದು ನನ್ನದು. ಅವನ ಬ್ಯಾಂಕಿಗೂ ನನ್ನ ಬ್ಯಾಂಕಿಗೂ ನೇರ ಸಂಬಂಧ ಇಲ್ಲ, ನಡುವೆ ನ್ಯೂಯಾರ್ಕಿನ ಒಂದು ಬ್ಯಾಂಕು ಹಣ ದಾಟಿಸಿತು. ಇಪ್ಪತ್ತು ಡಾಲರ್ ಅದರ ದೋಣಿ ಬಾಡಿಗೆ. OUR ಅಂತ ಹಾಕಿದ್ದರೆ ಎಲ್ಲ ಖರ್ಚೂ ಗಿರಾಕಿಯ ತಲೆಗೆ.

ಈ ನಕಲನ್ನು ಬಿಲ್ಲಿನ ಜೊತೆ ಪಿನ್ ಮಾಡಿಟ್ಟೆ. ಬಿಲ್ಲಿಗಿಂತ ಹಣ ಕಮ್ಮಿ ಯಾಕೆ ಅಂತ ಯಾರಾದರೂ ಕೇಳಿದರೆ ಬಾಯಿಮಾತಿಗಿಂತ ಆ 71F ಸಾಲು ಮೇಲು.

ದರದ ಲೆಕ್ಕ

ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಪಾಸ್‌ಬುಕ್ಕಿನಲ್ಲಿ ಕಾಣುವ ಶುಲ್ಕ ಸಣ್ಣದು. ದೊಡ್ಡದು ಕಾಣುವುದೇ ಇಲ್ಲ.

ಅವತ್ತು ಮಾರುಕಟ್ಟೆಯಲ್ಲಿ ಡಾಲರ್ ಸುಮಾರು 86.00 ರೂಪಾಯಿ. ಬ್ಯಾಂಕು ನನಗೆ ಕೊಟ್ಟಿದ್ದು 84.70. ಬ್ಯಾಂಕು ಬೆಳಿಗ್ಗೆ ಪ್ರಕಟಿಸುವ ಪಟ್ಟಿಯಲ್ಲಿ "ಟಿಟಿ ಖರೀದಿ ದರ" ಅಂತ ಇರುತ್ತದಲ್ಲ, ಅದು. ಅದಕ್ಕೆ ಕಾರ್ಡ್ ರೇಟ್ ಅನ್ನುತ್ತಾರೆ. ಕೇಳದೆ ಸುಮ್ಮನಿದ್ದವರಿಗೆಲ್ಲ ಅದೇ ದರ.

1,980 ಡಾಲರನ್ನು 84.70ರಿಂದ ಗುಣಿಸಿದರೆ 1,67,706 ರೂಪಾಯಿ. ಅದರಲ್ಲಿ ಬ್ಯಾಂಕಿನ ಶುಲ್ಕ ಜಿಎಸ್‌ಟಿ ಸೇರಿ 354 ಹೋಯಿತು. ಕರೆನ್ಸಿ ಬದಲಾವಣೆಗೆ ಬೇರೆ ಜಿಎಸ್‌ಟಿ ಉಂಟು. ಅದರ ಲೆಕ್ಕ ಸ್ವಲ್ಪ ವಿಚಿತ್ರ. ಪೂರ್ತಿ ಮೊತ್ತಕ್ಕೆ 18% ಅಲ್ಲ. ಮೊದಲ ಒಂದು ಲಕ್ಷಕ್ಕೆ ಶೇಕಡ ಒಂದು, ಅಂದರೆ 1,000. ಒಂದು ಲಕ್ಷದಿಂದ ಹತ್ತು ಲಕ್ಷದವರೆಗಿನ ಭಾಗಕ್ಕೆ ಶೇಕಡ ಅರ್ಧ, ನನ್ನ 67,706ಕ್ಕೆ 338.53. ಎರಡೂ ಸೇರಿ 1,338.53. ಇದನ್ನು ಸೇವೆಯ ಬೆಲೆ ಅಂತ ಹಿಡಿದು, ಅದರ ಮೇಲೆ 18%. ಬಂದಿದ್ದು 240.94 ರೂಪಾಯಿ. ಸ್ಟೇಟ್‌ಮೆಂಟಿನಲ್ಲಿ ಇಂಥ ಬಿಡಿ ಪೈಸೆ ನೋಡಿ ತಪ್ಪು ಹಾಕಿದ್ದಾರೆ ಅಂದುಕೊಂಡಿದ್ದೆ. ಗುಣಿಸಿ ನೋಡಿದರೆ ಪೈಸೆಯೂ ಸರಿಯಾಗಿತ್ತು.

ಕೈಗೆ ಸಿಕ್ಕಿದ್ದು 1,67,111.06. ಮಾರುಕಟ್ಟೆ ದರದಲ್ಲಿ 2,000 ಡಾಲರಿಗೆ 1,72,000 ಆಗುತ್ತಿತ್ತು. ಹೋದದ್ದು 4,888.94. ಅದರಲ್ಲಿ ನಡುವಿನ ಬ್ಯಾಂಕಿನ ಇಪ್ಪತ್ತು ಡಾಲರಿಗೆ 1,720. ಬ್ಯಾಂಕು ತೋರಿಸಿದ ಶುಲ್ಕ, ತೆರಿಗೆ ಎಲ್ಲ ಸೇರಿ ಆರುನೂರರ ಒಳಗೆ. ಉಳಿದ 2,574 ರೂಪಾಯಿ ದರದ ಒಂದು ರೂಪಾಯಿ ಮೂವತ್ತು ಪೈಸೆಯಲ್ಲೇ ಹೋಗಿತ್ತು. ಮೂರು ತಿಂಗಳ ರೀಫಂಡಿಗೆ ಅಷ್ಟು ಒದ್ದಾಡುತ್ತಿದ್ದೇನೆ, ಇಲ್ಲಿ ಎಲ್ಲ ಸೇರಿ ಒಂದೇ ಬೆಳಿಗ್ಗೆ ಅದಕ್ಕಿಂತ ಜಾಸ್ತಿ ಸೋರಿಹೋಗಿದೆ!

ಜೂನ್ 27

ತಿದ್ದಿದ ಅಡ್ವೈಸ್ ಇ-ಮೇಲಿಗೆ ಬಂತು. P1006. ರೆಫರೆನ್ಸ್ ನಂಬರ್ ಹಳೆಯದೇ. ಆಡಿಟರಿಗೆ ಕಳಿಸಿದೆ. "ಈಗ ನೀವು ಕೆಲಸ ಮಾಡಿದ್ದೀರಿ," ಅಂದರು.

ನಡುವೆ ಒಂದು ಅಡ್ಡದಾರಿ

ಜುಲೈ ಮೊದಲ ವಾರ ಇನ್ನೊಬ್ಬ ಗಿರಾಕಿ 300 ಡಾಲರನ್ನು ಆನ್‌ಲೈನ್ ಪಾವತಿ ಸೇವೆಯೊಂದರಿಂದ ಕೊಟ್ಟ. ಖಾತೆಗೆ ರೂಪಾಯಿಯೇ ಬಂತು, ಎನ್‌ಇಎಫ್‌ಟಿಯಲ್ಲಿ, ಮುಂಬೈನ ಯಾವುದೋ ಖಾತೆಯಿಂದ. ಅಡ್ವೈಸ್ ಕೊಡಿ ಅಂತ ನನ್ನ ಶಾಖೆಗೆ ಹೋದರೆ ಮೇಡಂ ಪಾಸ್‌ಬುಕ್ ನೋಡಿ ನಕ್ಕರು. "ನಮಗೆ ಡಾಲರೇ ಬಂದಿಲ್ಲವಲ್ಲ ಸರ್, ಏನಂತ ಬರೆದುಕೊಡಲಿ?"

ಅವರ ಮಾತಿನಲ್ಲಿ ತಪ್ಪಿಲ್ಲ. ಪ್ರಮಾಣಪತ್ರ ಕೊಡಬೇಕಾದವರು ಡಾಲರನ್ನು ರೂಪಾಯಿ ಮಾಡಿದ ಬ್ಯಾಂಕಿನವರು. ಪಾವತಿ ಸೇವೆಯಲ್ಲಿ ಆ ಕೆಲಸ ಅವರ ಬ್ಯಾಂಕಿನಲ್ಲಿ ಮುಗಿದಿರುತ್ತದೆ. ನನ್ನ ಖಾತೆಗೆ ಬರುವ ಹೊತ್ತಿಗೆ ಅದು ಊರೊಳಗಿನ ದುಡ್ಡು. ಆ ಸೇವೆಯ ಪುಟದಲ್ಲೇ ಹುಡುಕಿದಾಗ ಅವರ ಬ್ಯಾಂಕು ಕೊಟ್ಟ ಅಡ್ವೈಸ್ ಡೌನ್‌ಲೋಡಿಗೆ ಇತ್ತು. ಅಲ್ಲಿ ಖಾತೆ ತೆರೆಯುವಾಗ ನಾನು ಆರಿಸಿದ್ದ ಕೋಡೇ ಅದರಲ್ಲೂ ಇತ್ತು. ಪುಣ್ಯಕ್ಕೆ ಸರಿಯಾದದ್ದನ್ನೇ ಆರಿಸಿದ್ದೆ. ಹೊಸ ಸೇವೆಗೆ ಸೇರುವ ಮುಂಚೆ ನಾನೀಗ ಮೊದಲು ಕೇಳುವುದು ಅದನ್ನೇ: ಪ್ರತಿ ಪಾವತಿಗೂ ಬೇರೆ ಬೇರೆ ಅಡ್ವೈಸ್ ಕೊಡ್ತೀರಾ, ಅದರಲ್ಲಿ ನನ್ನ ಹೆಸರು ಇರುತ್ತಾ?

ಜುಲೈ, ಎರಡನೇ ಬಿಲ್ಲು

ಈ ಸಲ ಹಣ ಹೊರಡುವ ಮುಂಚೆಯೇ ಎಲ್ಲ ಜೋಡಿಸಿಟ್ಟೆ. ಬಿಲ್ಲಿನ ಕೆಳಗೆ ನಾಲ್ಕು ಸಾಲು ಸೇರಿಸಿದೆ. ಹಣ ಕಂಪನಿಯ ಖಾತೆಯಿಂದಲೇ ಬರಬೇಕು. ಷರಾ ಜಾಗದಲ್ಲಿ ಬಿಲ್ಲಿನ ನಂಬರ್ ಇರಬೇಕು. ಖರ್ಚು OUR. ಕೆಲಸದ ವಿವರ "ಸಲಹೆ ಸೇವೆ", ಪರ್ಪಸ್ ಕೋಡ್ P1006. ಮೊದಲ ಬಿಲ್ಲಿನಲ್ಲಿ ಬರೀ "ಜೂನ್ ಕೆಲಸ" ಅಂತ ಬರೆದಿದ್ದೆ. ಅದನ್ನು ಓದಿ ಬ್ಯಾಂಕಿನವರು ಯಾವ ಕೋಡ್ ಅಂತ ಊಹಿಸಬೇಕು ಹೇಳಿ.

ಹಣ ಬಂದ ದಿನ ಬ್ಯಾಂಕು ತಡೆದು ನಿಲ್ಲಿಸಿ ಕೇಳಿತು. ಕಾಯಂ ಸೂಚನೆ ರದ್ದಾಗಿದ್ದು ಕೆಲಸ ಮಾಡಿತ್ತು. ಬಿಲ್ಲು, ಡಿಸ್ಪೋಸಲ್ ಸೂಚನೆ ಎರಡನ್ನೂ ಇ-ಮೇಲ್ ಮಾಡಿ, ಪರಿವರ್ತನೆಗೆ ಮುಂಚೆ ಮೇಡಂಗೆ ಫೋನ್ ಮಾಡಿದೆ. "ಕಾರ್ಡ್ ರೇಟ್ ಬೇಡ ಮೇಡಂ, ಟ್ರೆಷರಿಯಿಂದ ಒಳ್ಳೇ ದರ ಕೇಳಿಕೊಡಿ."

"ಎರಡು ಸಾವಿರಕ್ಕೆ ಕೇಳಿದರೆ ಬೈತಾರೆ ಸರ್," ಅಂದರು. ಆದರೂ ಬ್ಯಾಂಕಿನ ಕರೆನ್ಸಿ ವ್ಯವಹಾರ ನೋಡುವ ಆ ವಿಭಾಗವನ್ನು ಕೇಳಿದರು. ಪ್ರತಿ ತಿಂಗಳೂ ಬರುವ ಹಣ ಅಂತ ಹೇಳಿ ಅಂದೆ, ಅದು ಕೆಲಸಕ್ಕೆ ಬಂತು ಅನಿಸುತ್ತದೆ. ಮಾರುಕಟ್ಟೆಯಲ್ಲಿ 86.20 ಇದ್ದಾಗ 85.70 ಕೊಟ್ಟರು. ಐವತ್ತು ಪೈಸೆ ವ್ಯತ್ಯಾಸ. ಇಂಥ ದರ ಕೆಲವು ನಿಮಿಷ ಮಾತ್ರ ನಿಲ್ಲುತ್ತದೆ. ಒಪ್ಪಿಗೆ ಅಂತ ಆಗಲೇ ಇ-ಮೇಲ್ ಹಾಕಬೇಕು. ಬನಶಂಕರಿಯಿಂದ ಬರುವ ಮೆಟ್ರೋದಲ್ಲಿ ನಿಂತುಕೊಂಡೇ ಹಾಕಿದೆ.

ಪೂರ್ತಿ 2,000 ಡಾಲರ್ ಬಂದಿತ್ತು. 1,71,400 ರೂಪಾಯಿ. ಪರಿವರ್ತನೆಯ ಜಿಎಸ್‌ಟಿ 244.26, ಶುಲ್ಕ 354. ಕೈಗೆ 1,70,801.74. ಮಾರುಕಟ್ಟೆ ದರಕ್ಕೆ ಹೋಲಿಸಿದರೆ 1,598.26 ಕಮ್ಮಿ. ಹಿಂದಿನ ಸಲಕ್ಕಿಂತ ಮೂರರಲ್ಲಿ ಒಂದು ಪಾಲು.

ಇಇಎಫ್‌ಸಿ ಖಾತೆ ತೆರೆದು ಡಾಲರನ್ನು ಹಾಗೇ ಇಟ್ಟು, ದರ ಏರಿದಾಗ ಮಾರೋಣವೇ ಅಂತಲೂ ಯೋಚಿಸಿದೆ. ಆ ಖಾತೆಗೆ ಬಡ್ಡಿ ಇಲ್ಲ. ಒಂದು ತಿಂಗಳಲ್ಲಿ ಬಂದದ್ದನ್ನು ಮುಂದಿನ ತಿಂಗಳ ಕೊನೆಯೊಳಗೆ ಖರ್ಚು ಮಾಡಬೇಕು, ಇಲ್ಲವೇ ರೂಪಾಯಿ ಮಾಡಬೇಕು. ಡಾಲರಿನಲ್ಲೇ ಸಾಫ್ಟ್‌ವೇರ್ ಬಾಡಿಗೆ ಕಟ್ಟುವವರಿಗೆ ಸರಿ. ನನ್ನ ಖರ್ಚೆಲ್ಲ ಮೇಜಿನ ಬಾಡಿಗೆ, ಕರೆಂಟು, ಕಾಫಿ. ಬಿಟ್ಟೆ.

ರೀಫಂಡ್ ಅರ್ಜಿಗೆ ಬಿಲ್ಲು, ಅಡ್ವೈಸ್ ಎರಡರ ನಂಬರನ್ನೂ ಆಡಿಟರ್ ಸೇರಿಸಿದರು. ಜೂನ್ ಬಿಲ್ಲಿನ ಜೊತೆ ಗಿರಾಕಿಯ ಪತ್ರ, ಸ್ವಿಫ್ಟ್ ನಕಲು ಹೋಯಿತು.

ದೀಪಾವಳಿಯ ಹಿಂದಿನ ವಾರ ಅಣ್ಣನ ಫೋನು. "ಅಮ್ಮನಿಗೆ ಸೀರೆಗೆ ಅಂತ ಕಳಿಸಿದ್ದು ನಾಲ್ಕು ದಿನ ಆಯ್ತು, ಬಂದಿಲ್ವಾ?" ಇ-ಮೇಲ್ ತೆಗೆದು ನೋಡಿದೆ. ಬ್ಯಾಂಕು ತಡೆದು ನಿಲ್ಲಿಸಿ, ಬಿಲ್ಲು ಕೊಡಿ ಅಂತ ಕೇಳಿತ್ತು. ಬಿಲ್ಲಿಲ್ಲ, ಕಳಿಸಿದವನು ನನ್ನ ಅಣ್ಣ ಅಂತ ಬರೆದು, ಕೆಳಗೆ P1301 ಅಂತ ನಾನೇ ಹಾಕಿ ಕಳಿಸಿದೆ.